ಒದ್ದೆ ಇನ್ಸುಲೇಷನ್‌ಗೆ ಫ್ಯಾನ್ ಹಾಕಿದರೆ ಸಾಕೇ?

"ಚಾವಣಿ ಸೋರಿ ಇನ್ಸುಲೇಷನ್ ಒದ್ದೆಯಾದ್ರೆ ತೆಗೆಯೋದು ಬೇಡ, ಎರಡು ದಿನ ಫ್ಯಾನ್ ಹಾಕಿ, ತಾನೇ ಒಣಗುತ್ತೆ."

ಇದು ಅರ್ಧ ಸತ್ಯ. ಬಿಸಿ-ಚಳಿ ತಡೆಯಲು ಚಾವಣಿಯೊಳಗೆ ಹಾಸಿರುವ ಈ ಇನ್ಸುಲೇಷನ್ ಯಾವ ವಸ್ತುವಿನದು ಎಂಬುದೇ ಇಲ್ಲಿ ಮುಖ್ಯ.

ಕಾಗದದ ಪುಡಿಯಿಂದ ಮಾಡಿದ ಸೆಲ್ಯುಲೋಸ್ ಚೆನ್ನಾಗಿ ನೆನೆದಿದ್ದರೆ ತೆಗೆದುಬಿಡಿ. ಅದು ನೀರು ಹೀರಿ ಕುಸಿಯುತ್ತದೆ, ಒಣಗಿದರೂ ಮೊದಲಿನಂತೆ ಉಬ್ಬುವುದಿಲ್ಲ.

ಗಾಜಿನ ಉಣ್ಣೆಯ ಕಥೆ ಬೇರೆ. ಎಳೆಗಳು ನೀರು ಹೀರುವುದಿಲ್ಲ, ನೀರು ಅವುಗಳ ನಡುವೆ ನಿಲ್ಲುತ್ತದೆ. ಆದರೆ ಚಾವಣಿಯ ಹಲಗೆ ಮೇಲೆ ಮಲಗಿರುವ ಪದರದ ಅಡಿಗೆ ಫ್ಯಾನ್ ಗಾಳಿ ಹೋಗುವುದೇ ಇಲ್ಲ, ಅಲ್ವಾ? ಮೇಲೆ ಮುಟ್ಟಿದರೆ ಒಣ, ಕೆಳಗೆ ಹಲಗೆ ಒದ್ದೆ. ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು.

ಒಂದೆರಡು ತುಂಡು ಮಾತ್ರ ನೆನೆದಿವೆ, ಸೋರಿದ್ದು ಬರೀ ಮಳೆನೀರು ಅಂದುಕೊಳ್ಳಿ. ಮೊದಲು ಸೋರಿಕೆ ಮುಚ್ಚಿ. ಕೈಗವಸು, ಮಾಸ್ಕ್ ಹಾಕಿಕೊಂಡು ತುಂಡುಗಳನ್ನು ಹೊರತೆಗೆದು, ಗಾಳಿಯಾಡುವಲ್ಲಿ ನಿಲ್ಲಿಸಿ ಒಣಗಿಸಿ. ಹಲಗೆಯನ್ನೂ ತೆರೆದಿಟ್ಟು ಒಣಗಿಸಿ. ತುಂಡು ಹಗುರವಾಗಿ, ಪಕ್ಕದ ಒಣ ತುಂಡಿನಷ್ಟೇ ದಪ್ಪಕ್ಕೆ ಬಂದರೆ ವಾಪಸ್ ಹಾಕಬಹುದು. ಚಪ್ಪಟೆಯಾಗಿಯೇ ಉಳಿದರೆ, ಮುಗ್ಗಲು ವಾಸನೆ ಬಂದರೆ, ಕಾಗದದ ಹೊದಿಕೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಹೊಸದೇ ಹಾಕಿ. ಚರಂಡಿ ನೀರು ತಾಗಿದ್ದರೆ ಒಣಗಿಸುವ ಮಾತೇ ಬೇಡ.