ಮೇಷ್ಟ್ರು ಓಡಿಸಿದ ಗಾಡಿ

ಸೆಕೆಂಡ್ ಹ್ಯಾಂಡ್ ಬೈಕ್ ಲೋಕದಲ್ಲಿ ಎಲ್ಲ ಗಾಡಿಗಳನ್ನೂ ಓಡಿಸಿದ್ದು ಒಬ್ಬರೇ: ನಿವೃತ್ತಿ ಹತ್ತಿರವಿದ್ದ ಒಬ್ಬ ಮೇಷ್ಟ್ರು. ಮನೆಯಿಂದ ಶಾಲೆ, ಶಾಲೆಯಿಂದ ಮನೆ. ಮಳೆಗೆ ತೆಗೆದವರಲ್ಲ, ಹಿಂದೆ ಒಬ್ಬರನ್ನೂ ಕೂರಿಸಿದವರಲ್ಲ, ನಲವತ್ತು ದಾಟಿಸಿದವರಲ್ಲ. ಮಾರಾಟಕ್ಕಿರುವ ಗಾಡಿಗಳಿಗೆಲ್ಲ ಒಬ್ಬೊಬ್ಬರು ಮೇಷ್ಟ್ರನ್ನು ಹಂಚುತ್ತ ಹೋದರೆ ಕರ್ನಾಟಕದ ಶಾಲೆಗಳಲ್ಲಿ ಪಾಠ ಮಾಡಲು ಯಾರೂ ಉಳಿಯುವುದಿಲ್ಲ.

ಅಂಥ ಒಂದು ಗಾಡಿ 2026ರಲ್ಲಿ ಮಾರಾಟಕ್ಕೆ ನಿಂತಿದೆ ಅಂದುಕೊಳ್ಳಿ. 125 ಸಿಸಿ ಬೈಕು, ಮೀಟರಿನಲ್ಲಿ 19,400 ಕಿಲೋಮೀಟರ್. ಮಾರುವವನ ಮಾತು ಮೂರೇ: "2020 ಮಾಡೆಲ್ ಸಾರ್, ಸಿಂಗಲ್ ಓನರ್, ಪೇಪರ್ ಎಲ್ಲಾ ಕ್ಲಿಯರ್." ಕೇಳುತ್ತಿರುವುದು ₹58,000. "ಹೊಸದು ತಗೊಂಡ್ರೆ ಲಕ್ಷ ದಾಟುತ್ತೆ" ಅನ್ನುವುದನ್ನೂ ಸೇರಿಸುತ್ತಾನೆ. ಈ ಮಾತುಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲು ವಯಸ್ಸು. ಗಾಡಿಗೂ ಹುಟ್ಟಿದ ದಿನ ಬೇರೆ, ನಾಮಕರಣದ ದಿನ ಬೇರೆ. ಆರ್‌ಸಿಯಲ್ಲಿ ಎರಡೂ ಇರುತ್ತವೆ, ಆದರೆ ಮಾರುವವನು ಹೇಳುವುದು ಚಿಕ್ಕ ವಯಸ್ಸು ತೋರಿಸುವ ದಿನವನ್ನು ಮಾತ್ರ. ನಮ್ಮ ಬೈಕು ನೋಂದಣಿಯಾದದ್ದು 2020ರ ಮಾರ್ಚ್, ತಯಾರಾದದ್ದು 2019ರ ನವೆಂಬರ್. ಅದು ಬರೀ ನಾಲ್ಕು ತಿಂಗಳ ವ್ಯತ್ಯಾಸವಲ್ಲ. 2020ರ ಏಪ್ರಿಲ್ 1ರಿಂದ ಹೊಸ ಮಾಲಿನ್ಯ ಮಟ್ಟವಾದ ಬಿಎಸ್6ರ ಗಾಡಿಗಳಿಗೆ ಮಾತ್ರ ನೋಂದಣಿ ಎಂದು ನಿಯಮ ಬಂತು. ಹಾಗಾಗಿ ಉಳಿದಿದ್ದ ಬಿಎಸ್4 ಗಾಡಿಗಳು ಆ ಮಾರ್ಚ್‌ನಲ್ಲಿ ರಿಯಾಯಿತಿಯಲ್ಲಿ ಹೋದವು. ಆರ್‌ಸಿಯಲ್ಲಿ ಮಾಲಿನ್ಯ ಮಟ್ಟ ಬಿಎಸ್4 ಎಂದಿದ್ದರೆ ನೀವು ನೋಡುತ್ತಿರುವುದು ಆ ಕೊನೆಯ ಬಸ್ಸು ಹಿಡಿದ ಗಾಡಿ. ಅದರಿಂದ ಎಂಜಿನ್‌ಗೇನೂ ದೋಷವಿಲ್ಲ. ಕಾರ್ಬುರೇಟರ್ ಆದ್ದರಿಂದ ರಸ್ತೆ ಬದಿಯ ಮೆಕ್ಯಾನಿಕ್ಕೂ ಒಂದು ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಲ್ಲ. ಆದರೆ ಅದನ್ನು ಬಿಎಸ್6 ಬೆಲೆಗೆ ಕೊಳ್ಳಬೇಕಾಗಿಲ್ಲ. ಲೆಕ್ಕಕ್ಕೆ ನಾವು ಹಿಡಿಯಬೇಕಾದ ವಯಸ್ಸು ಆರೂವರೆ ವರ್ಷ.

ವಯಸ್ಸನ್ನು ದುಡ್ಡಾಗಿಸಲು ವಿಮೆಯವರ ಬಳಿ ಒಂದು ಸವಕಳಿ ಪಟ್ಟಿ ಇದೆ. ಗಾಡಿಯ ಹೊಸ ಬೆಲೆಯಲ್ಲಿ ಎರಡು ವರ್ಷಕ್ಕೆ 20 ಪರ್ಸೆಂಟ್, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆಯಬೇಕು. ಐದು ದಾಟಿದ ಮೇಲೆ ಪಟ್ಟಿ ಮೌನವಾಗುತ್ತದೆ, ಮುಂದಿನದು ಪರಸ್ಪರ ಒಪ್ಪಂದ. ಉಳಿದ ಮೊತ್ತದಲ್ಲಿ ವರ್ಷಕ್ಕೆ ಹತ್ತು ಪರ್ಸೆಂಟ್ ಇಳಿಸುತ್ತ ಹೋದರೆ ಯಾರಿಗೂ ಅನ್ಯಾಯವಾಗದು.

ಆದರೆ ಯಾವ ಹೊಸ ಬೆಲೆ? ಮಾರುವವನು ಜೋಪಾನವಾಗಿ ತೆಗೆದಿಟ್ಟ ಬಿಲ್ ತೋರಿಸುತ್ತಾನೆ. ಅದನ್ನು ಗೌರವದಿಂದ ವಾಪಸ್ ಕೊಡಿ. ಬೇಕಾದದ್ದು ಇವತ್ತಿನ ಎಕ್ಸ್-ಶೋರೂಂ ಬೆಲೆ, ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದ ಆನ್-ರೋಡ್ ಬೆಲೆಯಲ್ಲ. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು 28 ಪರ್ಸೆಂಟ್‌ನಿಂದ 18ಕ್ಕೆ ಇಳಿಯಿತು. ಆ ಇಳಿಕೆ ಪೂರ್ತಿ ಗಿರಾಕಿಗೆ ಸಿಕ್ಕರೆ ₹92,000ದ ಬೈಕು ₹85,000ದ ಹತ್ತಿರ ಬರುತ್ತದೆ. ಹೊಸದು ಏಳು ಸಾವಿರ ಇಳಿದ ದಿನ ಹಳೆಯದೂ ಇಳಿಯಬೇಕು ತಾನೇ? ಆ ಸುದ್ದಿ ಮಾತ್ರ ಯಾಕೋ ಮಾರುವವರ ಮನೆಗೆ ತಲುಪಿಲ್ಲ.

ಸರಿ, ₹85,000ದಲ್ಲಿ ಅರ್ಧ ಹೋದರೆ 42,500. ಆರನೇ ವರ್ಷಕ್ಕೆ ಹತ್ತು, ಮುಂದಿನ ಅರ್ಧ ವರ್ಷಕ್ಕೆ ಐದು ಪರ್ಸೆಂಟ್ ಕಳೆದರೆ 36,300. ಚೆನ್ನಾಗಿ ಓಡುವ, ಬಿಡಿಭಾಗ ಎಲ್ಲೆಲ್ಲೂ ಸಿಗುವ ಮಾಡೆಲ್‌ಗೆ ಬಜಾರು ಇದಕ್ಕಿಂತ ಹೆಚ್ಚೇ ಕೊಡುತ್ತದೆ. ಜೊತೆಗೆ ಕಟ್ಟಿದ ಜೀವಾವಧಿ ತೆರಿಗೆ ಗಾಡಿಯ ಜೊತೆಗೇ ಬರುತ್ತದೆ. ಅವೆರಡಕ್ಕೂ ಸೇರಿ ಒಂದು ಹನ್ನೆರಡು ಪರ್ಸೆಂಟ್ ಏರಿಸಿ 41,000 ಅನ್ನೋಣ. ಗಾಡಿ ಹೇಳಿದ ಹಾಗೇ ಇದ್ದರೆ ಇದೇ ಬೆಲೆ. ಗಾಡಿ ಹೇಳಿದ ಹಾಗೆ ಇರುವುದಿಲ್ಲ ಅನ್ನುವುದು ಮುಂದಿನ ಅಧ್ಯಾಯ.

ಈಗ ಕಿಲೋಮೀಟರ್. ಆರೂವರೆ ವರ್ಷಕ್ಕೆ 19,400 ಅಂದರೆ ವರ್ಷಕ್ಕೆ ಮೂರು ಸಾವಿರ, ದಿನಕ್ಕೆ ಎಂಟು ಕಿಲೋಮೀಟರ್. ದಿನಾ ಕೆಲಸಕ್ಕೆ ಹೋಗುವವರ ಬೈಕು ವರ್ಷಕ್ಕೆ ಏಳೆಂಟು ಸಾವಿರ ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮೇಷ್ಟ್ರ ಮನೆ ಶಾಲೆಯ ಪಕ್ಕದಲ್ಲೇ ಇದ್ದೀತು, ಅಲ್ಲಗಳೆಯುವಂತಿಲ್ಲ. ಆದರೆ ಮೀಟರ್ ಬದಲಾಯಿಸುವುದು ಸುಲಭ, ಗಾಡಿಯ ಮೈ ಬದಲಾಯಿಸುವುದು ಕಷ್ಟ. ಆದ್ದರಿಂದ ಮೀಟರನ್ನು ಬಿಟ್ಟು ಮೈಯನ್ನು ಕೇಳಬೇಕು.

ಮಂಡಿಯೂರಿ ಹಿಂದಿನ ಟೈರಿನ ಪಕ್ಕ ಕೂತುಕೊಳ್ಳಿ. ರಬ್ಬರಿನ ಬದಿಯಲ್ಲಿ ಒಂದು ಸಣ್ಣ ಮೊಟ್ಟೆಯಾಕಾರದ ಚೌಕಟ್ಟು, ಒಳಗೆ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನ ಟೈರಿನಲ್ಲಿ 4119, ಅಂದರೆ 2019ರ 41ನೇ ವಾರ. ಗಾಡಿಯ ಜೊತೆ ಹುಟ್ಟಿದ್ದು, ಸರಿ. ಹಿಂದಿನದರಲ್ಲಿ 3423. ಅಂದರೆ 2023ರ ಆಗಸ್ಟ್ ಹೊತ್ತಿಗೆ ತಯಾರಾದ ಟೈರು. ಬೈಕಿನ ಹಿಂದಿನ ಟೈರು ಸಾಮಾನ್ಯವಾಗಿ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸವೆಯುತ್ತದೆ. ಮೀಟರನ್ನು ನಂಬಿದರೆ ಆ ಹೊತ್ತಿಗೆ ಈ ಗಾಡಿ ಓಡಿದ್ದು ಹನ್ನೊಂದು ಸಾವಿರದ ಆಸುಪಾಸು. ಮತ್ತೆ ಹಳೇ ಟೈರು ಎಲ್ಲಿಗೆ ಹೋಯಿತು? ಕತ್ತರಿಸಿ ಹೋಗಿರಬಹುದು, ಆಗುತ್ತದೆ. ಆದರೆ ಆಮೇಲೆ ಹಾಕಿದ ಟೈರೂ ಈಗ ನುಣ್ಣಗಾಗಿದ್ದರೆ ಕಥೆ ಬೇರೆ.

ಹಾಗೇ ಕಣ್ಣನ್ನು ಸ್ವಲ್ಪ ಸರಿಸಿ. ಹಿಂದಿನ ಚಕ್ರದ ಸ್ಪ್ರಾಕೆಟ್ ಹಲ್ಲುಗಳು ದುಂಡಗಿವೆಯೋ, ಸವೆದು ಒಂದು ಕಡೆಗೆ ಬಾಗಿ ಮೊನಚಾಗಿವೆಯೋ ನೋಡಿ. ಫುಟ್‌ರೆಸ್ಟ್ ರಬ್ಬರಿನ ಗೆರೆ, ಹ್ಯಾಂಡಲ್ ಗ್ರಿಪ್ಪಿನ ಚುಕ್ಕಿ, ಬ್ರೇಕ್ ಪೆಡಲ್ಲಿನ ತುದಿ: ದಿನಾ ಕೈಕಾಲು ತಾಗುವ ಇವಿಷ್ಟೂ ಸವೆದು ಹೊಳೆಯುತ್ತಿದ್ದರೆ ಹತ್ತೊಂಬತ್ತು ಸಾವಿರದ ಮಾತನ್ನು ಮರೆತುಬಿಡಿ. ಇವಿಷ್ಟೂ ಹೊಚ್ಚ ಹೊಸದಾಗಿದ್ದರೆ ಇನ್ನೂ ಅನುಮಾನಪಡಿ. ಮೇಷ್ಟ್ರು ಫುಟ್‌ರೆಸ್ಟ್ ರಬ್ಬರ್ ಬದಲಾಯಿಸಲು ದುಡ್ಡು ಖರ್ಚು ಮಾಡುವ ಜಾತಿಯವರಲ್ಲ. ಹಳೇ ಸರ್ವಿಸ್ ಬಿಲ್ ಕೇಳಿ. 2022ರ ಬಿಲ್ಲಿನಲ್ಲಿ 24,000 ಅಂತ ಬರೆದಿದ್ದರೆ, ಗಾಡಿ ನಾಲ್ಕು ವರ್ಷ ಹಿಮ್ಮುಖವಾಗಿ ಓಡಿದೆ ಎಂದರ್ಥ.

ಇನ್ನೊಂದು ಮಾತು. ಫೋನ್ ಮಾಡಿ ಹೊರಟಾಗಲೇ "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನಿಮಗಾಗಿ ಯಾರೋ ಮುಂಚೆಯೇ ಒದ್ದಾಡಿದ್ದಾರೆ. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಎದ್ದ ಗಳಿಗೆಯಲ್ಲೇ ಸೈಲೆನ್ಸರಿನಿಂದ ನೀಲಿ ಹೊಗೆ ಬಿಟ್ಟರೆ ಆಯಿಲ್ ಸುಡುತ್ತಿದೆ ಎಂದು ಲೆಕ್ಕ. ಹಾಗಾದರೆ ಮುಂದಿನ ಚೌಕಾಸಿಯೇ ಬೇಡ, ನೀರು ಕುಡಿದು ಎದ್ದು ಬನ್ನಿ. ನಮ್ಮ ಬೈಕು ಹೊಗೆ ಬಿಡಲಿಲ್ಲ ಅಂದುಕೊಳ್ಳೋಣ.

ಹಾಗಾದರೆ ಕಿಲೋಮೀಟರಿಗೆ ಎಷ್ಟು ಕಳೆಯಬೇಕು? ಕಿಲೋಮೀಟರಿಗೆ ಇಷ್ಟು ಪೈಸೆ ಅಂತ ಗುಣಿಸಲು ಇದು ಆಟೋ ಅಲ್ಲ. ಸವೆತವನ್ನು ಬಾಕಿ ಕೆಲಸದ ಬಿಲ್ಲಾಗಿ ಬದಲಾಯಿಸಿ. ಹಿಂದಿನ ಟೈರ್ 2,000, ಚೈನ್-ಸ್ಪ್ರಾಕೆಟ್ ಸೆಟ್ 1,500, ಬ್ಯಾಟರಿ 1,500, ಕ್ಲಚ್ ಪ್ಲೇಟ್ ಮತ್ತು ಕೂಲಿ 1,500. ಈ ದರಗಳನ್ನು ನಿಮ್ಮ ಮೆಕ್ಯಾನಿಕ್ ಬಾಯಿಂದಲೇ ಹೇಳಿಸಿ, ಮಾರುವವನ ಎದುರಿಗೇ. ಒಟ್ಟು 6,500. "ಒಂದ್ರೂಪಾಯ್ ಕೆಲಸ ಇಲ್ಲ" ಎಂಬ ಮಾತು ಇಲ್ಲಿ ನಿಜವಾಯಿತು ನೋಡಿ, ಒಂದು ರೂಪಾಯಿಯ ಕೆಲಸ ಒಂದೂ ಇಲ್ಲ.

ಕೊನೆಗೆ ಪೇಪರ್. ಇದರಲ್ಲಿ ಎರಡು ಬಗೆಯ ಕುಂದುಗಳಿವೆ: ದುಡ್ಡಿನಲ್ಲಿ ತೀರುವವು, ದುಡ್ಡಿನಲ್ಲಿ ತೀರದವು. ಇವೆರಡನ್ನು ಬೆರೆಸಿ ಚೌಕಾಸಿ ಮಾಡಿದವರೇ ಆಮೇಲೆ ಆರ್‌ಟಿಒ ಕಾಂಪೌಂಡಿನ ಮರದ ನೆರಳಿನಲ್ಲಿ ಸಿಗುತ್ತಾರೆ.

ಮೊದಲ ಬಗೆ ಸುಲಭ. 2018ರ ಸೆಪ್ಟೆಂಬರ್ ನಂತರದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹಾಗಾಗಿ ನಮ್ಮ ಬೈಕಿನದು 2025ರ ಮಾರ್ಚ್‌ಗೇ ಮುಗಿದಿದೆ, ಮೇಷ್ಟ್ರಿಗೆ ನೆನಪಾಗಿಲ್ಲ. ಹೊಸದಕ್ಕೆ ಸಾವಿರ ರೂಪಾಯಿ ಇಟ್ಟುಕೊಳ್ಳಿ. ಹೆಲ್ಮೆಟ್ ಇಲ್ಲದ, ಸಿಗ್ನಲ್ ಹಾರಿದ ಚಲನ್‌ಗಳು ಆನ್‌ಲೈನ್‌ನಲ್ಲಿ ನಂಬರ್ ಹಾಕಿದರೆ ಸಿಗುತ್ತವೆ. ಇಲ್ಲಿ 1,500 ಬಾಕಿ. ಮೇಷ್ಟ್ರು ಸಿಗ್ನಲ್ ಹಾರುತ್ತಿದ್ದರು ಎಂಬುದು ನಿಮಗೂ ಆಗಲೇ ಗೊತ್ತಾಗುವುದು. ಹೆಸರು ಬದಲಾವಣೆಯ ಓಡಾಟಕ್ಕೆ ಒಂದು ಸಾವಿರ. ಒಟ್ಟು 3,500.

ಎರಡನೇ ಬಗೆಗೆ ಸರ್ಕಾರದ mParivahan ಆ್ಯಪ್ ತೆರೆದು ಗಾಡಿ ನಂಬರ್ ಹಾಕಿ. ಎಷ್ಟನೇ ಓನರ್, ಸಾಲ ಕೊಟ್ಟವರ ಹೆಸರು ಇನ್ನೂ ಇದೆಯೋ ಎಂಬೆರಡನ್ನು ನೋಡಿ. "ಲೋನ್ ಯಾವತ್ತೋ ಮುಗ್ದಿದೆ ಸಾರ್" ಅನ್ನುವುದು ನಿಜವೇ ಇರುತ್ತದೆ. ಕಂತು ಕಟ್ಟಿದವರು ಎನ್‌ಒಸಿಯನ್ನು ಬೀರುವಿನಲ್ಲಿಟ್ಟು ಮರೆತಿರುತ್ತಾರೆ, ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲ ತೆಗೆಸಿರುವುದಿಲ್ಲ. ಅದು ತೆಗೆಯುವವರೆಗೆ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ಇದಕ್ಕೆ ಎರಡು ಸಾವಿರ ಕಡಿಮೆ ಮಾಡಿಕೊಂಡು ಗಾಡಿ ತಂದರೆ ಆ ಎರಡು ಸಾವಿರ ನಿಮ್ಮ ಓಡಾಟದ ಸಂಬಳ ಅಷ್ಟೇ. ಆರ್‌ಸಿಯಲ್ಲಿರುವ ಹೆಸರು "ನಮ್ಮ ಮಾವಂದು, ಹೋಗಿ ಮೂರು ವರ್ಷ ಆಯ್ತು" ಎಂದಾದರೆ ಮೊದಲು ವಾರಸುದಾರರು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಹೊರರಾಜ್ಯದ ಗಾಡಿಗೆ ಫಾರಂ 28ರ ಎನ್‌ಒಸಿ ಇಲ್ಲದಿದ್ದರೆ, ಇಲ್ಲಿನ ತೆರಿಗೆ ಮತ್ತೆ ಕಟ್ಟುವ ಲೆಕ್ಕ ಹಾಕದಿದ್ದರೆ, ಅಗ್ಗ ಅನ್ನುವುದೆಲ್ಲ ಭ್ರಮೆ. ಹ್ಯಾಂಡಲ್ ಬುಡದಲ್ಲಿ ಕೆತ್ತಿದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ್ದನ್ನು ಆರ್‌ಸಿ ಪಕ್ಕ ಹಿಡಿಯಿರಿ. ಒಂದು ಅಕ್ಷರ ತಪ್ಪಿದರೂ ಆ ಗಾಡಿಯ ಬೆಲೆ ಸೊನ್ನೆ.

ಬ್ರೋಕರ್‌ಗಳಿಗೆ ಪ್ರಿಯವಾದದ್ದು ಸಹಿ ಹಾಕಿದ ಖಾಲಿ ಫಾರಂ 29 ಮತ್ತು 30. "ಯಾವಾಗ ಬೇಕಾದ್ರೂ ಮಾಡಿಸ್ಕೊಳಿ" ಎನ್ನುತ್ತಾರೆ. ಆ ಯಾವಾಗ ಬಂದ ದಿನ ಒಟಿಪಿ ಹೋಗುವುದು ಹಳೇ ಓನರ್ ಮೊಬೈಲಿಗೆ, ಅವರು ಆ ಸಿಮ್ ಬಿಸಾಡಿ ಎರಡು ವರ್ಷ. ಮಾರುವವನು ಉದಾಸೀನ ಮಾಡಿದರೆ ಒಂದು ವಿಷಯ ಮೆಲ್ಲಗೆ ಕಿವಿಗೆ ಹಾಕಿ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆ ಮುಗಿದ ಗಾಡಿ, ಅವನ ಹೆಸರು, ಓಡಿಸುವವರು ನೀವು. ಆರ್‌ಟಿಒಗೆ ಬರಲು ನಾಳೆಯೇ ಬಿಡುವಾಗುತ್ತದೆ.

ಈಗ ಕೂಡಿಸಿ-ಕಳೆಯಿರಿ. 41,000ದಲ್ಲಿ 6,500 ಹೋಯಿತು, 3,500 ಹೋಯಿತು, ಉಳಿದದ್ದು 31,000. ಮಾತು ಇಪ್ಪತ್ತೊಂಬತ್ತಕ್ಕೆ ಶುರುಮಾಡಿ, ಮೂವತ್ತಮೂರು ದಾಟಬೇಡಿ. ಸಾಲ ತೆಗೆಸುವವರೆಗೆ ಸಾವಿರ ರೂಪಾಯಿ ಅಡ್ವಾನ್ಸ್ ಸಾಕು, ಉಳಿದದ್ದು ಹೆಸರು ಬದಲಾವಣೆಯ ಅರ್ಜಿ ಸಲ್ಲಿಕೆಯಾದ ದಿನ. "ಐವತ್ತೆಂಟು ಕೇಳಿದ್ರೆ ಮೂವತ್ತೊಂದು ಅಂತೀರಲ್ಲ" ಎಂದು ಅವನು ಎದೆ ಹಿಡಿದುಕೊಳ್ಳುತ್ತಾನೆ. ಚೀಟಿ ತೋರಿಸಿ, ಸಾಲುಸಾಲಾಗಿ ಓದಿ. ಬಹುಪಾಲು ಮೂವತ್ತೆರಡಕ್ಕೆ ಮುಗಿಯುತ್ತದೆ.

ಗಾಡಿ ತರಲು ಹೋಗುವಾಗ ಖಾಲಿ ಬಾಟಲಿ ಒಂದನ್ನು ಜೊತೆಗಿಟ್ಟುಕೊಳ್ಳಿ. ಟೆಸ್ಟ್ ರೈಡ್ ದಿನ ಅರ್ಧ ಟ್ಯಾಂಕ್ ಇದ್ದ ಪೆಟ್ರೋಲ್, ದುಡ್ಡು ಎಣಿಸಿಕೊಂಡ ದಿನ ಎರಡನೇ ತಿರುವಿನವರೆಗೆ ಮಾತ್ರ ಬರುತ್ತದೆ.