ಪಿಪಿಎಫ್‌ನ ಒಂದು ಕೋಟಿ: ಇವತ್ತಿನ ರೂಪಾಯಿಗೆ ಇಳಿಸಿ ನೋಡಬೇಕಾ?

ಲೆಕ್ಕ ಎಲ್ಲರೂ ನೋಡಿರುವಂಥದ್ದೇ. 35ನೇ ವಯಸ್ಸಿಗೆ ಪಿಪಿಎಫ್ ಖಾತೆ ತೆರೆದು ಪ್ರತಿ ವರ್ಷ ಏಪ್ರಿಲ್ 5ರೊಳಗೆ 1.5 ಲಕ್ಷ ಕಟ್ಟುವುದು. 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಎರಡು ಸಲ ಮುಂದುವರಿಸುವುದು. ಬಡ್ಡಿ ಈಗಿನ 7.1 ಶೇಕಡಾದಲ್ಲೇ ಇದ್ದರೆ 60ಕ್ಕೆ ಕೈಗೆ 1.03 ಕೋಟಿ ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ ನೋಡಬಹುದು:

```
=FV(7.1%,25,-150000,0,1)
=FV(7.1%,25,-150000,0,1)/1.05^25
```

ಮೊದಲ ಸಾಲು 1,03,08,015 ಕೊಡುತ್ತದೆ. ಎರಡನೇ ಸಾಲು ಅದೇ ಮೊತ್ತವನ್ನು 5 ಶೇಕಡಾ ಹಣದುಬ್ಬರ ಹಿಡಿದು ಇವತ್ತಿನ ರೂಪಾಯಿಗೆ ಇಳಿಸುತ್ತದೆ. ಜಗಳ ಇರುವುದು ಈ ಎರಡನೇ ಸಾಲಿನ ಬಗ್ಗೆ.

ಪರ: ಇಳಿಸದೆ ನೋಡಲೇಬಾರದು

ಎರಡನೇ ಸಾಲಿನ ಉತ್ತರ 30.44 ಲಕ್ಷ. ಕೋಟಿ ಎಲ್ಲಿ, ಮೂವತ್ತು ಲಕ್ಷ ಎಲ್ಲಿ!

ನನ್ನ ಚಿಕ್ಕಪ್ಪನ ಮಗ ಈ ಒಂದು ಕೋಟಿಯ ಚಿತ್ರವನ್ನು ಮನೆಯವರ ಗುಂಪಿಗೆ ಕಳಿಸಿದಾಗ ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ. ಈಗ ಮನೆ ಖರ್ಚು ತಿಂಗಳಿಗೆ ಎಷ್ಟಪ್ಪಾ? ಮೂವತ್ತು ಸಾವಿರ ಅಂದ. ಅವನ ಮನಸ್ಸಿನಲ್ಲಿ ಒಂದು ಕೋಟಿಯನ್ನು ಈ ಮೂವತ್ತು ಸಾವಿರದಿಂದ ಭಾಗಿಸಿ, ಇಪ್ಪತ್ತೆಂಟು ವರ್ಷಕ್ಕೂ ಜಾಸ್ತಿ ನಿಶ್ಚಿಂತೆ ಅಂತ ಆಗಲೇ ತೀರ್ಮಾನ ಆಗಿಬಿಟ್ಟಿತ್ತು. ಆದರೆ ಆ ಕೋಟಿ ಇಪ್ಪತ್ತೈದು ವರ್ಷ ಆಚೆಯದ್ದು, ಮೂವತ್ತು ಸಾವಿರ ಇವತ್ತಿನದ್ದು. 30.44 ಲಕ್ಷವನ್ನು ಮೂವತ್ತು ಸಾವಿರದಿಂದ ಭಾಗಿಸಿದರೆ ಬರುವುದು ಎಂಟೂವರೆ ವರ್ಷ. ಅದೂ, ನಿವೃತ್ತಿಯ ನಂತರ ಬರುವ ಬಡ್ಡಿ ಬೆಲೆಯೇರಿಕೆಗೆ ಸರಿಸಮ ಆಗಿದ್ದರೆ. ಅಂದರೆ ಅರವತ್ತಕ್ಕೆ ನಿವೃತ್ತಿ, ಅರವತ್ತೊಂಬತ್ತು ತುಂಬುವ ಮೊದಲೇ ಖಾತೆ ಖಾಲಿ.

5 ಶೇಕಡಾ ಜಾಸ್ತಿ ಆಯ್ತು ಅನ್ನುವವರಿಗೆ ಸರ್ಕಾರದ್ದೇ ಒಂದು ಅಂಕಿ ಇದೆ. ಆಸ್ತಿ ಮಾರಿದಾಗ ತೆರಿಗೆ ಲೆಕ್ಕಕ್ಕೆ ಬಳಸುವ ಕಾಸ್ಟ್ ಇನ್‌ಫ್ಲೇಷನ್ ಇಂಡೆಕ್ಸ್ 2001-02ರಲ್ಲಿ 100 ಇತ್ತು, 2024-25ಕ್ಕೆ 363 ಆಯಿತು. 23 ವರ್ಷದಲ್ಲಿ ಮೂರೂವರೆ ಪಟ್ಟಿಗೂ ಮೇಲೆ, ವರ್ಷಕ್ಕೆ ಸುಮಾರು 5.8 ಶೇಕಡಾ. ರಿಸರ್ವ್ ಬ್ಯಾಂಕಿನ ಗುರಿ 4 ಶೇಕಡಾ ಅನ್ನುವುದು ನಿಜ, ಆದರೆ ಗುರಿ ಇಟ್ಟುಕೊಂಡು ಅಕ್ಕಿ ತರೋಕೆ ಆಗಲ್ಲ ಅಲ್ವಾ.

ಯಾವುದಾದರೂ ಕ್ಯಾಲ್ಕುಲೇಟರ್ ಹಣದುಬ್ಬರವನ್ನು ಬಿಟ್ಟಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಉಬ್ಬರದ ಜಾಗದಲ್ಲಿ 5 ಬದಲು 8 ಹಾಕಿ ನೋಡಿ. ಕೊನೆಯ ಮೊತ್ತವಾಗಲಿ ಮುಂದಿನ ಖರ್ಚಾಗಲಿ ಅಲ್ಲಾಡದಿದ್ದರೆ, ಆ ಜಾಗ ಸುಮ್ನೆ ಅಲಂಕಾರಕ್ಕೆ ಇದೆ. ಆ ಜಾಗವೇ ಇಲ್ಲದಿದ್ದರೆ ಇನ್ನು ಕೇಳುವುದೇನು.

ಇನ್ನೂ ಒಂದು ಮಾತು. ಈ ಮನುಷ್ಯ 25 ವರ್ಷದಲ್ಲಿ ಕಟ್ಟಿದ್ದು 37.5 ಲಕ್ಷ. ಕೈಗೆ ಬಂದದ್ದು ಇವತ್ತಿನ ಬೆಲೆಗೆ 30.44 ಲಕ್ಷ. ಹಾಕಿದ್ದಕ್ಕಿಂತ ಕಡಿಮೆ! ಇದನ್ನು ನೋಡಿದ ಮೇಲೂ ಕೋಟಿ ಕೋಟಿ ಅನ್ನುವವರಿಗೆ ನಾನೇನೂ ಹೇಳಲಾರೆ.

ವಿರೋಧ: ಇಳಿಸುವುದರಲ್ಲೇ ಹೆಚ್ಚು ಜನ ಎಡವುತ್ತಾರೆ

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ತಪ್ಪು. 37.5 ಲಕ್ಷ ಅನ್ನುವುದು 25 ಬೇರೆ ಬೇರೆ ವರ್ಷಗಳ ರೂಪಾಯಿಗಳನ್ನು ಒಂದೇ ಚೀಲಕ್ಕೆ ಹಾಕಿ ಎಣಿಸಿದ ಮೊತ್ತ. ಕೊನೆಯ ವರ್ಷ ಕಟ್ಟುವ 1.5 ಲಕ್ಷ ಇವತ್ತಿನ ಬೆಲೆಗೆ ಬರೀ 46,500 ಆಗುತ್ತದೆ. ಬರುವ ಹಣವನ್ನು ಇಳಿಸಿದ ಮೇಲೆ ಹೋಗುವ ಹಣವನ್ನೂ ಇಳಿಸಬೇಕು. ಹಾಗೆ ಕಂತು ಕಂತಾಗಿ ಇಳಿಸಿ ಕೂಡಿದರೆ ಅವನು ಕಟ್ಟಿದ್ದು 22.2 ಲಕ್ಷ. ಅದು 30.44 ಲಕ್ಷ ಆಯಿತು. ಲಾಭ ಸಣ್ಣದು, ಆದರೆ ಲಾಭವೇ. ಪಿಪಿಎಫ್‌ನಲ್ಲಿ ದುಡ್ಡು ಕರಗುತ್ತದೆ ಅಂತ ಹೆದರಿ ಖಾತೆ ಮುಂದುವರಿಸದೆ ಮುಚ್ಚಿದವರನ್ನು ನಾನು ನೋಡಿದ್ದೇನೆ, ಈ ಅರ್ಧ ಲೆಕ್ಕ ನಂಬಿಕೊಂಡು.

ಎರಡನೇ ತಪ್ಪು ಇನ್ನೂ ನಯವಾದದ್ದು, ಬುದ್ಧಿವಂತರೇ ಮಾಡುವಂಥದ್ದು. ಅವರು ಕೊನೆಯ ಮೊತ್ತ ಇಳಿಸುವುದಿಲ್ಲ, ಬಡ್ಡಿಯನ್ನೇ ಇಳಿಸುತ್ತಾರೆ. 1.071ನ್ನು 1.05ರಿಂದ ಭಾಗಿಸಿದರೆ ನಿಜವಾದ ಬಡ್ಡಿ ಸರಿಯಾಗಿ 2 ಶೇಕಡಾ. ಇಲ್ಲಿವರೆಗೆ ಸರಿ. ಆಮೇಲೆ ವರ್ಷಕ್ಕೆ 1.5 ಲಕ್ಷ, 2 ಶೇಕಡಾ, 25 ವರ್ಷ ಅಂತ ಹಾಕುತ್ತಾರೆ. ಉತ್ತರ 49 ಲಕ್ಷ! 30.44 ಎಲ್ಲಿ ಹೋಯಿತು?

ಬಡ್ಡಿಯನ್ನು ಇವತ್ತಿನ ರೂಪಾಯಿಗೆ ಇಳಿಸಿದರೆ ಕಂತೂ ಇವತ್ತಿನ ರೂಪಾಯಿಯದ್ದು ಅಂತಲೇ ಆಯಿತು. ಅಂದರೆ ಈ ಲೆಕ್ಕ ಯಾರಿಗೂ ಹೇಳದೆ, ಕಂತು ಪ್ರತಿ ವರ್ಷ 5 ಶೇಕಡಾ ಏರುತ್ತದೆ ಅಂತ ಹಿಡಿದಿದೆ. 25ನೇ ವರ್ಷ 4.84 ಲಕ್ಷ ಕಟ್ಟಬೇಕಾಗುತ್ತದೆ. ಪಿಪಿಎಫ್‌ನಲ್ಲಿ ಅದು ಆಗುವುದೇ ಇಲ್ಲ, ವರ್ಷದ ಮಿತಿ 2014ರಿಂದ 1.5 ಲಕ್ಷದಲ್ಲೇ ನಿಂತಿದೆ. ಹಣದುಬ್ಬರ ಮರೆತವನು ಮೂರು ಪಟ್ಟು ತಪ್ಪಿದ, ಸರಿ. ಆದರೆ ಅದನ್ನು ನೆನಪಿಟ್ಟುಕೊಂಡವನೂ ಅರ್ಧಕ್ಕಿಂತ ಜಾಸ್ತಿ ಉಬ್ಬಿಸಿಕೊಂಡ, ಜೊತೆಗೆ ತಾನು ಎಚ್ಚರವಾಗಿದ್ದೇನೆ ಅನ್ನುವ ಧೈರ್ಯ ಬೇರೆ.

ಹಾಗಾಗಿ ನಾನು ಹೇಳುವುದು, ಮೊತ್ತವನ್ನು ಮುಟ್ಟಬೇಡಿ, ಖರ್ಚನ್ನು ಏರಿಸಿ. ಇವತ್ತಿನ 30,000 ರೂಪಾಯಿ ಖರ್ಚು 5 ಶೇಕಡಾದಂತೆ 25 ವರ್ಷದಲ್ಲಿ 1,01,600ರ ಹತ್ತಿರ ಆಗುತ್ತದೆ. 1.03 ಕೋಟಿಯನ್ನು ಅದರಿಂದ ಭಾಗಿಸಿ. ಅದೇ ಎಂಟೂವರೆ ವರ್ಷ. ಉತ್ತರ ಒಂದೇ ಆದರೂ ದಾರಿ ಬೇರೆ. ಇಲ್ಲಿ ಕಂತು ನೀವು ನಿಜವಾಗಿ ಕಟ್ಟುವ ಕಂತು, ಬಡ್ಡಿ ಪಾಸ್‌ಬುಕ್ಕಿನಲ್ಲಿ ಬೀಳುವ ಬಡ್ಡಿ. ಖರ್ಚಿನಲ್ಲೂ ಒಂದೊಂದಕ್ಕೆ ಒಂದೊಂದು ಏರಿಕೆ ಹಾಕಬಹುದು, ಯಾಕೆಂದರೆ ತರಕಾರಿಯೂ ಆಸ್ಪತ್ರೆ ಬಿಲ್ಲೂ ಒಂದೇ ವೇಗದಲ್ಲಿ ಏರಲ್ಲ. ಮನೆ ಸಾಲದ ಕಂತಂತೂ ಹಣದುಬ್ಬರದ ಜೊತೆ ಏರುವುದೇ ಇಲ್ಲ, ಅದನ್ನು ಎಲ್ಲದರ ಜೊತೆ ಸೇರಿಸಿ 5 ಶೇಕಡಾ ಏರಿಸಿದರೆ ಅದೂ ತಪ್ಪೇ.

ಇಳಿಸಿದ ಅಂಕಿಗೆ ಇನ್ನೊಂದು ತೊಂದರೆ, ಅದು ನೀವು ಊಹಿಸಿದ ಉಬ್ಬರದ ಮೇಲೆ ನಿಂತಿದೆ. 4 ಶೇಕಡಾ ಅಂದರೆ ಅದೇ ಕೋಟಿ 38.7 ಲಕ್ಷ, 6 ಅಂದರೆ 24 ಲಕ್ಷ. ಅದೂ ಬಡ್ಡಿಯನ್ನು 7.1ಕ್ಕೇ ಮೊಳೆ ಹೊಡೆದು ಉಬ್ಬರವನ್ನು ಮಾತ್ರ ಆಡಿಸಿದರೆ. ಎರಡೂ ಹಾಗೆ ಬೇರೆ ಬೇರೆ ಓಡಾಡುವುದಿಲ್ಲ. 1986ರಿಂದ 2000ದ ಜನವರಿವರೆಗೆ ಪಿಪಿಎಫ್ ಬಡ್ಡಿ 12 ಶೇಕಡಾ ಇತ್ತು, ಆಗ ಬೆಲೆಗಳೂ ಈಗಿಗಿಂತ ಜೋರಾಗಿ ಏರುತ್ತಿದ್ದವು. ಆ ಕಾಲದ ಹನ್ನೆರಡನ್ನು ನೆನೆದು ಇವತ್ತಿನ ಏಳನ್ನು ಬೈಯುವ ಹಿರಿಯರು ಆಗಿನ ಬೆಲೆಯೇರಿಕೆಯನ್ನು ಮಾತ್ರ ಮರೆತಿರುತ್ತಾರೆ. ಪರ ಬರೆದವರು ಇದನ್ನು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು, ಬಳಸಿಕೊಳ್ಳಲಿ.

ಕೊನೆಗೆ ಪಾಸ್‌ಬುಕ್ಕಿನ ವಿಷಯ. ಐದನೇ ವರ್ಷ ಮುಗಿದಾಗ ಖಾತೆಯಲ್ಲಿ 9.26 ಲಕ್ಷ ಇರಬೇಕು. ಇಳಿಸಿದ ಹಾಳೆಯಲ್ಲಿ ಅದೇ ಜಾಗದಲ್ಲಿ 7.25 ಲಕ್ಷ ಅಂತ ಇರುತ್ತದೆ. ಪಾಸ್‌ಬುಕ್ ತೆರೆದವನು ಅಂದುಕೊಂಡದ್ದಕ್ಕಿಂತ ಎರಡು ಲಕ್ಷ ಮುಂದಿದ್ದೇನೆ ಅಂತ ಖುಷಿಪಡುತ್ತಾನೆ, ಆ ವರ್ಷದ ಕಂತನ್ನು ಸ್ಕೂಟರಿಗೆ ತಿರುಗಿಸುತ್ತಾನೆ.