ನೀರ್ಗುಳ್ಳೆ ಇದ್ರೆ ದಡಾರ ಅಲ್ಲ

"ಮಗುಗೆ ದಡಾರ ತಡೆಯೋ ಎಂಎಂಆರ್ ಲಸಿಕೆ ಎರಡೂ ಡೋಸ್ ಆಗಿದೆ, ಆದ್ರೂ ಮೈಮೇಲೆ ನೀರ್ಗುಳ್ಳೆ, ದಡಾರನಾ?"

ಚಿಕನ್‌ಪಾಕ್ಸ್ ಅನ್ಸುತ್ತೆ, ಎಂಎಂಆರ್ ಅದನ್ನ ತಡೆಯಲ್ಲ, ಅದಕ್ಕೆ ವೇರಿಸೆಲ್ಲಾ ಲಸಿಕೆನೇ ಬೇರೆ. ದಡಾರದಲ್ಲಿ ಮೊದ್ಲು ಮೂರ್ನಾಲ್ಕು ದಿನ ಜೋರು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು, ಆಮೇಲೆ ಕಿವಿ ಹಿಂದೆ, ಹಣೆಯಿಂದ ಶುರುವಾಗಿ ಕೆಂಪು ದದ್ದು ಕೆಳಗಿಳಿಯುತ್ತೆ, ಅದರಲ್ಲಿ ನೀರು ತುಂಬಲ್ಲ. ಚಿಕನ್‌ಪಾಕ್ಸ್‌ನಲ್ಲಿ ಎದೆ, ಬೆನ್ನಿನ ಮೇಲೆ ಒಂದೇ ಜಾಗದಲ್ಲಿ ಹೊಸ ಕೆಂಪು ಚುಕ್ಕೆ, ನೀರ್ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತೆ, ತುರಿಕೆ ಜಾಸ್ತಿ. ಎಲ್ಲಾ ಗುಳ್ಳೆ ಹಕ್ಕಳೆ ಕಟ್ಟೋವರೆಗೂ ಸ್ಕೂಲಿಗೆ ಬೇಡ, ಲಸಿಕೆ ಆಗದ ಗರ್ಭಿಣಿಯರು, ಎಳೇ ಮಕ್ಕಳ ಹತ್ರ ಬಿಡ್ಲೇಬೇಡಿ. ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ, ಲಿವರ್ ಮಿದುಳು ಎರಡಕ್ಕೂ ಅಪಾಯ. ಉಸಿರಾಟ ಕಷ್ಟ ಆದ್ರೆ, ಮಗು ಮಂಕಾದ್ರೆ, ಗುಳ್ಳೆ ಸುತ್ತ ಕೆಂಪಾಗಿ ಬಿಸಿಯಾಗಿ ಊದ್ಕೊಂಡ್ರೆ ತಕ್ಷಣ ಡಾಕ್ಟರ್‌ಗೆ ತೋರಿಸಿ.